ದಿನ ತುಂಬುವ ಹೊತ್ತಿನಲ್ಲಿ ಸೋರುವ ನೀರು: ಗರ್ಭಜಲವೋ, ಮೂತ್ರವೋ, ಬಿಳಿಸೆರಗೋ? ಪದೇ ಪದೇ ಕೇಳುವ ಪ್ರಶ್ನೆಗಳು

ಗರ್ಭಿಣಿಯರು ಮತ್ತು ಅವರ ಮನೆಯವರು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ನೀರು ಧಾರೆಯಾಗಿ ಸುರಿದಾಗ ಯಾರಿಗೂ ಅನುಮಾನ ಉಳಿಯುವುದಿಲ್ಲ. ಆದ್ದರಿಂದ ಈ ಪುಟವು ಮುಖ್ಯವಾಗಿ ಸ್ವಲ್ಪಸ್ವಲ್ಪವೇ ಸೋರುವ, ಏನೆಂದು ತಿಳಿಯದೆ ದಿನಗಳು ಕಳೆದುಹೋಗುವ ಸಂದರ್ಭದ ಬಗ್ಗೆ ಇದೆ.

## ಮೊದಲು ತಿಳಿಯಬೇಕಾದದ್ದು

ನೀರು ಒಡೆದರೆ ಒಂದೇ ಸಲಕ್ಕೆ ಸುರಿಯಬೇಕಲ್ಲವೇ? ನನಗೆ ಬರೀ ಒಳಉಡುಪು ಒದ್ದೆಯಾಗುತ್ತಿದೆ.

ಸುರಿಯಲೇಬೇಕೆಂದಿಲ್ಲ. ಮಗುವನ್ನು ಸುತ್ತುವರಿದ ನೀರಿನ ಚೀಲವು ಗರ್ಭಕೋಶದ ಬಾಯಿಯ ಬಳಿಯೇ, ಮಗುವಿನ ತಲೆಯ ಮುಂದೆ ಹರಿದರೆ ನೀರು ಒಮ್ಮೆಲೇ ಬರಬಹುದು. ಆದರೆ ಚೀಲವು ಮೇಲ್ಭಾಗದಲ್ಲೆಲ್ಲೋ ಸಣ್ಣದಾಗಿ ಸೀಳಿದ್ದರೆ, ಅಥವಾ ಮಗುವಿನ ತಲೆ ಕೆಳಗಿಳಿದು ತೊಟ್ಟಿಯ ಬಿರಡೆಯಂತೆ ದಾರಿಯನ್ನು ಮುಚ್ಚಿಕೊಂಡಿದ್ದರೆ, ತಾಯಿ ಮಗ್ಗುಲು ಬದಲಿಸಿದಾಗ ಅಥವಾ ಎದ್ದು ನಿಂತಾಗ ಮಾತ್ರ ಒಂದಿಷ್ಟು ನೀರು ಜಾರಿ ಬರುತ್ತದೆ, ಮತ್ತೆ ನಿಂತುಹೋಗುತ್ತದೆ.

ಮೂವತ್ತನಾಲ್ಕನೆಯ ವಾರದ ಆಸುಪಾಸಿನಲ್ಲಿ ಗರ್ಭಜಲದ ಪ್ರಮಾಣ ಸುಮಾರು 800 ಮಿಲಿಲೀಟರ್ ಇರುತ್ತದೆ, ಅನಂತರ ನಿಧಾನವಾಗಿ ಕಡಿಮೆಯಾಗುತ್ತದೆ. ಅದು ಸಂಗ್ರಹವಾಗಿ ಕುಳಿತ ನೀರಲ್ಲ: ಗರ್ಭದ ಎರಡನೆಯ ಅರ್ಧದಲ್ಲಿ ಅದರ ಬಹುಪಾಲು ಮಗುವಿನ ಮೂತ್ರವೇ ಆಗಿದ್ದು, ಮಗು ಅದನ್ನು ನುಂಗುತ್ತಲೂ ಹೊಸದಾಗಿ ತುಂಬುತ್ತಲೂ ಇರುತ್ತದೆ. ಆದ್ದರಿಂದ ಸಣ್ಣ ಸೋರಿಕೆಯೊಂದು ದಿನಗಟ್ಟಲೆ ಮುಂದುವರಿದರೂ ನೀರು ಪೂರ್ತಿ ಬರಿದಾಗದೇ ಇರಬಹುದು. "ಇಷ್ಟು ದಿನ ಸೋರಿದ್ದರೆ ಹೊಟ್ಟೆ ಇಳಿಯಬೇಕಿತ್ತು" ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ಬಣ್ಣ ಮತ್ತು ವಾಸನೆ ನೋಡಿಯೇ ಮೂರರಲ್ಲಿ ಯಾವುದೆಂದು ಹೇಳಬಹುದೇ?

ಒಂದು ಅಂದಾಜಿಗೆ ಬರಬಹುದು, ತೀರ್ಮಾನಕ್ಕೆ ಅಲ್ಲ. ಗರ್ಭಜಲವು ನೀರಿನಷ್ಟೇ ತೆಳುವಾಗಿ, ಬಣ್ಣವಿಲ್ಲದೆ ಅಥವಾ ತಿಳಿ ಹುಲ್ಲುಬಣ್ಣದಲ್ಲಿರುತ್ತದೆ. ಬಿಳಿಯ ಸಣ್ಣ ಚೂರುಗಳು ತೇಲುತ್ತಿರಬಹುದು, ಅವು ಮಗುವಿನ ಮೈಮೇಲಿನ ಜಿಡ್ಡಿನ ಲೇಪದ ತುಣುಕುಗಳು. ವಾಸನೆ ಇರುವುದೇ ಇಲ್ಲ, ಇಲ್ಲವೇ ಮೂತ್ರಕ್ಕಿಂತ ಬೇರೆಯಾದ ತುಸು ಸಿಹಿಯಾದ ವಾಸನೆ ಇರುತ್ತದೆ. ಮೂತ್ರಕ್ಕೆ ಹಳದಿ ಛಾಯೆಯೂ ಎಲ್ಲರಿಗೂ ಪರಿಚಿತವಾದ ಕಟು ವಾಸನೆಯೂ ಇರುತ್ತವೆ. ಬಿಳಿಸೆರಗು ದಪ್ಪಗಿರುತ್ತದೆ, ಬೆರಳುಗಳ ನಡುವೆ ಜಾರುತ್ತದೆ ಅಥವಾ ಎಳೆಯಾಗುತ್ತದೆ, ಪ್ಯಾಡಿನೊಳಗೆ ಪೂರ್ತಿ ಇಳಿದುಹೋಗದೆ ಮೇಲೆಯೇ ಕೂರುತ್ತದೆ.

ತೊಡಕು ಎಲ್ಲಿದೆಯೆಂದರೆ, ಹೆಚ್ಚು ನೀರು ಕುಡಿದವರ ಮೂತ್ರಕ್ಕೂ ಬಣ್ಣ, ವಾಸನೆ ಅಷ್ಟಾಗಿ ಇರುವುದಿಲ್ಲ. ಗರ್ಭದ ಕೊನೆಯ ವಾರಗಳಲ್ಲಿ ಬಿಳಿಸೆರಗೂ ಕೆಲವೊಮ್ಮೆ ನೀರಾಗುತ್ತದೆ. ಮೂರೂ ಬೆರೆತು ಬರುವುದು ಅಪರೂಪವೇನಲ್ಲ. ಈ ಕಾರಣಕ್ಕೆ ಒಂದು ಲಕ್ಷಣವನ್ನು ಹಿಡಿದುಕೊಂಡು "ಇದು ಮೂತ್ರವೇ" ಎಂದು ಖಚಿತವಾಗಿ ಹೇಳಿಬಿಡುವುದನ್ನು ನಾನು ಒಪ್ಪುವುದಿಲ್ಲ.

ಕೆಮ್ಮಿದಾಗ, ಸೀನಿದಾಗ ಮಾತ್ರ ಬರುತ್ತದೆ. ಹಾಗಾದರೆ ಅದು ಮೂತ್ರವೇ ತಾನೇ?

ಹಲವು ಸಲ ಹೌದು. ತುಂಬಿದ ಗರ್ಭಕೋಶ ಮೂತ್ರಚೀಲವನ್ನು ಒತ್ತುತ್ತಿರುತ್ತದೆ, ಅದರ ಬಾಯನ್ನು ಹಿಡಿದಿರುವ ಕೆಳಹೊಟ್ಟೆಯ ಸ್ನಾಯುಗಳು ಸಡಿಲವಾಗಿರುತ್ತವೆ. ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ತುಸು ಮೂತ್ರ ಹೊರಬರುವುದು ಈ ಹೊತ್ತಿನಲ್ಲಿ ತುಂಬ ಸಾಮಾನ್ಯ.

ಆದರೆ ಒಡೆದ ಚೀಲದಿಂದಲೂ ಕೆಮ್ಮಿದಾಗಲೇ ಹೆಚ್ಚು ನೀರು ಬರುತ್ತದೆ. ವೈದ್ಯರು ಪರೀಕ್ಷೆ ಮಾಡುವಾಗ "ಒಮ್ಮೆ ಕೆಮ್ಮಿ" ಎಂದು ಹೇಳುವುದೂ ಇದೇ ಕಾರಣಕ್ಕೆ. ಆದ್ದರಿಂದ ಕೆಮ್ಮಿನ ಜತೆ ಬಂತು ಎಂಬುದಕ್ಕಿಂತ ಮುಂದಿನ ಎರಡು ಸಂಗತಿಗಳನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಮೊದಲನೆಯದು, ಮೂತ್ರ ಮಾಡಿ ಬಂದ ಕೂಡಲೇ ಕೆಮ್ಮಿದರೂ ಬರುತ್ತದೆಯೇ? ಎರಡನೆಯದು, ಮೂತ್ರವನ್ನು ತಡೆಹಿಡಿಯುವಂತೆ ಸ್ನಾಯುಗಳನ್ನು ಬಿಗಿಹಿಡಿದಾಗ ನಿಲ್ಲುತ್ತದೆಯೇ? ಬಿಗಿಹಿಡಿದರೆ ಮೂತ್ರವು ಸಾಮಾನ್ಯವಾಗಿ ನಿಲ್ಲುತ್ತದೆ ಅಥವಾ ಕಡಿಮೆಯಾಗುತ್ತದೆ. ಗರ್ಭಜಲವು ಯೋನಿಯ ದಾರಿಯಾಗಿ ಬರುವುದರಿಂದ ಅದನ್ನು ಹಾಗೆ ತಡೆಯಲಾಗುವುದಿಲ್ಲ. ಸ್ನಾಯುಗಳು ಬಹಳ ಸಡಿಲವಾಗಿರುವವರಲ್ಲಿ ಮೂತ್ರವೂ ನಿಲ್ಲದೇ ಇರಬಹುದು ಎಂಬ ಮಿತಿ ಇದಕ್ಕೂ ಇದೆ.

ಲೋಳೆಯಂತೆ ಗಟ್ಟಿಯಾಗಿ, ಸ್ವಲ್ಪ ರಕ್ತದ ಎಳೆಯೊಂದಿಗೆ ಹೋಯಿತು. ಇದೂ ನೀರು ಒಡೆದದ್ದೇ?

ಅದು ಗರ್ಭಕೋಶದ ಬಾಯನ್ನು ಮುಚ್ಚಿದ್ದ ಲೋಳೆ. ಗರ್ಭಕೋಶದ ಬಾಯಿ ಮೆದುವಾಗಿ ತೆರೆಯಲು ಸಿದ್ಧವಾಗುವಾಗ ಅದು ಕಳಚಿಕೊಳ್ಳುತ್ತದೆ. ದಿನ ತುಂಬಿದವರಲ್ಲಿ ಅದರ ನಂತರ ಹೆರಿಗೆ ನೋವು ಕೆಲವೇ ಗಂಟೆಗಳಲ್ಲೂ ಬರಬಹುದು, ಹಲವು ದಿನಗಳ ಮೇಲೂ ಬರಬಹುದು. 37 ವಾರ ತುಂಬುವ ಮೊದಲೇ ಹೋದರೆ, ಅಥವಾ ಎಳೆಯಷ್ಟಲ್ಲದೆ ಮುಟ್ಟಿನಂತೆ ರಕ್ತ ಹೋದರೆ, ಅಂದೇ ತೋರಿಸಬೇಕು.

## ಮನೆಯಲ್ಲಿ ನೋಡಿಕೊಳ್ಳುವ ಬಗೆ

ಆಸ್ಪತ್ರೆಗೆ ಹೊರಡುವ ಮೊದಲು ಮನೆಯಲ್ಲೇ ಏನಾದರೂ ಪರೀಕ್ಷೆ ಮಾಡಿಕೊಳ್ಳಬಹುದೇ?

ದಿನ ತುಂಬಿದ್ದು, ಮಗು ಎಂದಿನಂತೆ ಅಲುಗಾಡುತ್ತಿದ್ದು, ಜ್ವರವೋ ರಕ್ತವೋ ಇಲ್ಲದಿದ್ದರೆ ಪ್ಯಾಡಿನ ಪರೀಕ್ಷೆಯೊಂದನ್ನು ಮಾಡಬಹುದು. ಮೊದಲು ಮೂತ್ರಚೀಲವನ್ನು ಪೂರ್ತಿ ಖಾಲಿ ಮಾಡಬೇಕು. ಹೊರಭಾಗವನ್ನು ಒರೆಸಿ ಒಣಗಿಸಿಕೊಳ್ಳಬೇಕು, ಏಕೆಂದರೆ ಸ್ನಾನದ ನೀರು ಒಳಗೆ ಉಳಿದು ಅನಂತರ ಜಾರಿದರೂ ಅದೇ ಅನುಮಾನ ಹುಟ್ಟುತ್ತದೆ. ಬಳಿಕ ಪರಿಮಳವಿಲ್ಲದ ಬಿಳಿಯ ಪ್ಯಾಡ್ ಅಥವಾ ಒಗೆದು ಒಣಗಿಸಿದ ಬಿಳಿ ಬಟ್ಟೆಯನ್ನು ಇಟ್ಟುಕೊಂಡು ಅರ್ಧ ಗಂಟೆ ಎಡಮಗ್ಗುಲಾಗಿ ಮಲಗಬೇಕು. ಮಲಗಿದಾಗ ಸೋರಿದ ನೀರು ಯೋನಿಯ ಹಿಂಭಾಗದ ತಗ್ಗಿನಲ್ಲಿ ಸಂಗ್ರಹವಾಗುತ್ತದೆ. ಎದ್ದು ನಿಂತ ತಕ್ಷಣ ಬೆಚ್ಚಗಿನ ನೀರು ಒಮ್ಮೆಲೇ ಜಾರಿ ಬಂದು ಪ್ಯಾಡ್ ಒದ್ದೆಯಾದರೆ ಗರ್ಭಜಲದ ಅನುಮಾನ ಬಲವಾಗುತ್ತದೆ.

ಪ್ಯಾಡನ್ನು ಎಸೆಯಬೇಡಿ. ಬಣ್ಣ, ವಾಸನೆ, ಒದ್ದೆಯಾದ ಅಳತೆ ಇವನ್ನು ನೋಡಿ, ಅದನ್ನು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ಯಿರಿ. ಎರಡು ದಿನದ ಮಾತಿನ ವಿವರಣೆಗಿಂತ ಒಂದು ಒದ್ದೆ ಪ್ಯಾಡ್ ಪರೀಕ್ಷಿಸುವವರಿಗೆ ಹೆಚ್ಚು ಹೇಳುತ್ತದೆ. ಪ್ಯಾಡ್ ಒಣಗಿಯೇ ಇದ್ದರೆ ಸೋರಿಕೆ ಇಲ್ಲವೆಂದು ಖಾತರಿಯಾಗದು. ಮತ್ತೆ ಒದ್ದೆಯೆನಿಸಿದರೆ ಮತ್ತೆ ಪರೀಕ್ಷಿಸುತ್ತ ಕೂರದೆ ಹೋಗಿ ತೋರಿಸಬೇಕು. 37 ವಾರ ತುಂಬದವರು ಈ ಪರೀಕ್ಷೆಗೆಂದು ಸಮಯ ಕಳೆಯದೆ ನೇರವಾಗಿ ಹೊರಡುವುದೇ ಸರಿ.

ಆಮ್ಲ, ಕ್ಷಾರ ತೋರಿಸುವ ಕಾಗದ ತಂದು ನಾನೇ ನೋಡಿಕೊಳ್ಳಲೇ?

ನನ್ನ ಸಲಹೆ ಬೇಡ ಎಂಬುದೇ. ಅದರ ಬಣ್ಣವನ್ನು ತಪ್ಪಾಗಿಸುವ ಕಾರಣಗಳು ಹಲವಾರಿವೆ, ಅವನ್ನು ಮುಂದೆ ಒಂದು ಉತ್ತರದಲ್ಲಿ ವಿವರಿಸಲಾಗಿದೆ. ಬಣ್ಣ ಬದಲಾಗಲಿಲ್ಲವೆಂದು ಮನೆಯಲ್ಲೇ ಉಳಿದುಬಿಡುವುದು ಇಲ್ಲಿನ ನಿಜವಾದ ಅಪಾಯ.

ಒಂದು ಸಲ ಚೆನ್ನಾಗಿ ಸೋರಿತು, ಆಮೇಲೆ ನಿಂತುಹೋಯಿತು. ಚೀಲ ತಾನೇ ಮುಚ್ಚಿಕೊಂಡಿರಬಹುದೇ?

ಗರ್ಭಜಲವನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದ ನಂತರ ಉಂಟಾಗುವ ಸೋರಿಕೆ ಹಲವು ಸಲ ತಾನಾಗಿ ನಿಲ್ಲುತ್ತದೆ. ಕೊನೆಯ ತಿಂಗಳುಗಳಲ್ಲಿ ತಾನಾಗಿ ಹರಿದ ಚೀಲ ಹಾಗೆ ಮುಚ್ಚಿಕೊಳ್ಳುವುದು ಅಪರೂಪ. ಸೋರಿಕೆ ನಿಂತಂತೆ ಕಂಡದ್ದು ಮಗುವಿನ ತಲೆ ಕೆಳಗೆ ಒತ್ತಿಕೊಂಡಿದ್ದರಿಂದಲೂ ಇರಬಹುದು. ಯೋನಿಯಲ್ಲಿರುವ ಸೂಕ್ಷ್ಮಜೀವಿಗಳು ಗರ್ಭಕೋಶದೊಳಕ್ಕೆ ಏರಲು ದಾರಿ ತೆರೆದಿದೆಯೇ ಎಂಬುದು ಮುಖ್ಯವಾದ ಪ್ರಶ್ನೆ, ಎಷ್ಟು ನೀರು ಹೋಯಿತು ಎಂಬುದು ಅದರ ನಂತರದ್ದು. ಆದ್ದರಿಂದ ನಿಂತಿದ್ದರೂ ಅದೇ ದಿನ ತೋರಿಸಿ, ಮೊದಲು ಒದ್ದೆಯಾದ ಗಂಟೆಯನ್ನು ಬರೆದಿಟ್ಟುಕೊಂಡು ಹೇಳಿ.

ಯಾವ ಸಂದರ್ಭದಲ್ಲಿ ಒಂದು ನಿಮಿಷವೂ ಕಾಯಬಾರದು?

ನೀರು ಹಸಿರಾಗಿದ್ದರೆ ಅಥವಾ ಕಂದಾಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ. ಮಗುವಿಗೆ ಒಳಗೆ ಕಷ್ಟವಾಗುತ್ತಿರಬಹುದು, ಆ ಮಲ ಅದರ ಶ್ವಾಸಕೋಶವನ್ನು ಸೇರಿದರೆ ಉಸಿರಾಟಕ್ಕೆ ತೊಂದರೆ. ನೀರಿನೊಂದಿಗೆ ಕೆಂಪು ರಕ್ತ ಬಂದರೆ, ನೀರು ದುರ್ವಾಸನೆ ಬೀರುತ್ತಿದ್ದರೆ, ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ತಲುಪಿದರೆ, ಚಳಿ ನಡುಕ ಬಂದರೆ, ಹೊಟ್ಟೆ ಮುಟ್ಟಿದರೆ ನೋಯುವಂತಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಕೂಡಲೇ ಹೊರಡಬೇಕು.

ಇವೆಲ್ಲಕ್ಕಿಂತ ತುರ್ತಾದದ್ದು ಹೊಕ್ಕುಳಬಳ್ಳಿ ಜಾರುವುದು. ಮಗು ಅಡ್ಡವಾಗಿಯೋ ಕುಂಡೆ ಕೆಳಗಾಗಿಯೋ ಇದ್ದಾಗ, ತಲೆ ಇನ್ನೂ ಮೇಲೆಯೇ ತೇಲುತ್ತಿದ್ದಾಗ ಅಥವಾ ಗರ್ಭಜಲ ಅತಿಯಾಗಿದ್ದಾಗ, ನೀರು ರಭಸದಿಂದ ಹೊರಟರೆ ಬಳ್ಳಿಯೂ ಅದರೊಡನೆ ಜಾರಬಹುದು. ಯೋನಿಯಲ್ಲಿ ಹಗ್ಗದಂಥದ್ದೇನಾದರೂ ಕೈಗೆ ತಾಕಿದರೆ ಅಥವಾ ಹೊರಗೆ ಕಂಡರೆ, ಅದನ್ನು ಮುಟ್ಟದೆ, ಒಳಗೆ ತಳ್ಳದೆ, ಮೊಣಕಾಲೂರಿ ಎದೆಯನ್ನು ನೆಲಕ್ಕೆ ತಾಗಿಸಿ ಕುಂಡೆಯನ್ನು ಮೇಲಕ್ಕೆತ್ತಿಕೊಂಡು ಆಂಬ್ಯುಲೆನ್ಸ್ ಕರೆಸಬೇಕು. ಆ ಭಂಗಿಯಲ್ಲಿ ಮಗುವಿನ ಭಾರ ಬಳ್ಳಿಯ ಮೇಲೆ ಬೀಳುವುದು ಕಡಿಮೆಯಾಗುತ್ತದೆ.

ಆಸ್ಪತ್ರೆ ತಲುಪುವವರೆಗೆ ಏನು ಮಾಡಬಾರದು?

ಯೋನಿಯೊಳಗೆ ಏನನ್ನೂ ಇಡಬಾರದು. ಟ್ಯಾಂಪನ್ ಬೇಡ, ಒಳಗೆ ನೀರು ಹಾಯಿಸಿ ತೊಳೆಯುವುದು ಬೇಡ, ಬೆರಳಿನಿಂದ ನೋಡುವುದು ಬೇಡ, ಲೈಂಗಿಕ ಸಂಪರ್ಕ ಬೇಡ. ಹೊರಭಾಗಕ್ಕೆ ಪ್ಯಾಡ್ ಸಾಕು.

## ಆಸ್ಪತ್ರೆಯಲ್ಲಿ

ನೀರೇ ಹೋಗಿದೆಯೆಂದು ವೈದ್ಯರು ಹೇಗೆ ಖಚಿತಪಡಿಸುತ್ತಾರೆ?

ಮೊದಲು ಸ್ವಲ್ಪ ಹೊತ್ತು ಮಲಗಿಸಿ, ಕ್ರಿಮಿಶುದ್ಧ ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಯೋನಿಯನ್ನು ತೆರೆದು ನೋಡುತ್ತಾರೆ. ಗರ್ಭಕೋಶದ ಬಾಯಿಂದ ನೀರು ಇಳಿಯುವುದು ಕಣ್ಣಿಗೆ ಕಂಡರೆ, ಅಥವಾ ಹಿಂಭಾಗದ ತಗ್ಗಿನಲ್ಲಿ ನೀರು ನಿಂತಿದ್ದರೆ, ಬಹುತೇಕ ಅಲ್ಲಿಗೆ ಉತ್ತರ ಸಿಕ್ಕಂತೆ. ಕಾಣದಿದ್ದರೆ ಕೆಮ್ಮಲು ಅಥವಾ ಮುಕ್ಕಲು ಹೇಳಿ ಮತ್ತೆ ನೋಡುತ್ತಾರೆ. ಹೆರಿಗೆ ನೋವು ಶುರುವಾಗಿಲ್ಲದಿದ್ದರೆ ಬೆರಳಿಟ್ಟು ಪರೀಕ್ಷಿಸುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ, ಏಕೆಂದರೆ ಪ್ರತಿ ಸಲದ ಬೆರಳು ಪರೀಕ್ಷೆಯೂ ಸೋಂಕನ್ನು ಮೇಲಕ್ಕೆ ಒಯ್ಯಬಹುದು. ಯಾಕೆ ಬೆರಳಿಟ್ಟು ನೋಡಲಿಲ್ಲ ಎಂದು ಮನೆಯವರು ಬೇಸರಿಸುವುದುಂಟು. ಇಲ್ಲಿ ನೋಡದೇ ಇರುವುದೇ ಒಳ್ಳೆಯ ಆರೈಕೆ.

ಕಣ್ಣಿಗೆ ಏನೂ ಕಾಣದೆ ಅನುಮಾನ ಉಳಿದಾಗ ಮುಂದಿನ ಪರೀಕ್ಷೆಗಳು ಬರುತ್ತವೆ. ಗರ್ಭಜಲದಲ್ಲಿ ಹೇರಳವಾಗಿದ್ದು ಯೋನಿಯ ಸ್ರಾವದಲ್ಲಿ ಬಹಳ ಕಡಿಮೆ ಇರುವ ಕೆಲವು ಪ್ರೋಟೀನುಗಳನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಯಿಂದ ಪತ್ತೆಹಚ್ಚುವ ಪಟ್ಟಿಗಳಿವೆ, ಅವು ಕೆಲವೇ ನಿಮಿಷಗಳಲ್ಲಿ ಗೆರೆ ತೋರಿಸುತ್ತವೆ. ಸ್ರಾವದ ಹನಿಯೊಂದನ್ನು ಗಾಜಿನ ಮೇಲೆ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ವಿಧಾನವೂ ಇದೆ. ಗರ್ಭಜಲದ ಲವಣಗಳು ಒಣಗಿದಾಗ ಜರಿಗಿಡದ ಎಲೆಯಂತೆ ಕವಲೊಡೆದು ಕಾಣುತ್ತವೆ.

ಕಾಗದ ನೀಲಿಯಾಯಿತು, ಆದರೂ ನೀರು ಹೋಗಿಲ್ಲ ಎಂದರು. ಇದು ಹೇಗೆ?

ಯೋನಿಯ ಒಳಭಾಗ ಸಹಜವಾಗಿ ಆಮ್ಲೀಯ, ಅದರ ಪಿಎಚ್ ಸುಮಾರು 3.8ರಿಂದ 4.5. ಗರ್ಭಜಲದ್ದು 7ರಿಂದ 7.5ರ ನಡುವೆ. ನೈಟ್ರಜಿನ್ ಎಂಬ ಹಳದಿ ಕಾಗದ ಪಿಎಚ್ 6.5ರ ಆಚೀಚೆ ನೀಲಿಯತ್ತ ತಿರುಗುವುದರಿಂದ ಇದನ್ನು ಬಳಸುತ್ತಾರೆ. ಆದರೆ ಕಾಗದ ಗುರುತಿಸುವುದು ಆಮ್ಲತೆ ಕಡಿಮೆಯಾದದ್ದನ್ನು ಮಾತ್ರ, ಗರ್ಭಜಲವನ್ನಲ್ಲ. ರಕ್ತ, ವೀರ್ಯ, ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದಾಗಿನ ಸ್ರಾವ, ಕ್ಷಾರೀಯವಾದ ಸೋಪು, ಕೆಲವೊಮ್ಮೆ ಕ್ಷಾರೀಯ ಮೂತ್ರವೂ ಅದನ್ನು ನೀಲಿಯಾಗಿಸುತ್ತವೆ. ಹಾಗೆಯೇ ಸೋರಿಕೆ ಬಹಳ ಕಡಿಮೆಯಿದ್ದರೆ ಅಥವಾ ನಿಂತು ಬಹಳ ಹೊತ್ತಾಗಿದ್ದರೆ, ನೀರು ನಿಜವಾಗಿ ಹೋಗಿದ್ದರೂ ಕಾಗದ ಹಳದಿಯಾಗಿಯೇ ಉಳಿಯಬಹುದು. ಹಿಂದಿನ ರಾತ್ರಿ ಸಂಪರ್ಕವಾಗಿದ್ದರೆ ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಬೇಕು. ಆ ಒಂದು ಮಾತು ಪರೀಕ್ಷೆಯ ಅರ್ಥವನ್ನೇ ಬದಲಿಸಬಹುದು.

ಸ್ಕ್ಯಾನಿಂಗಿನಲ್ಲಿ ನೀರು ಸರಿಯಾಗಿದೆ ಎಂದರು. ಅಂದರೆ ಸೋರಿಕೆ ಇಲ್ಲ ಎಂದೇ?

ಅಲ್ಲ. ಸ್ಕ್ಯಾನಿಂಗ್ ಒಳಗೆ ಉಳಿದಿರುವ ನೀರನ್ನು ಅಳೆಯುತ್ತದೆ, ಹೊರಗೆ ಹೋದದ್ದನ್ನಲ್ಲ. ಅತಿ ಆಳವಾದ ನೀರಿನ ಗುಳಿ 2 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ನೀರು ಕಡಿಮೆ ಎನ್ನುತ್ತಾರೆ. ಸೋರಿಕೆಯ ಅನುಮಾನವಿರುವಾಗ ಹಾಗೆ ಕಂಡರೆ ಅನುಮಾನ ಬಲವಾಗುತ್ತದೆ, ಆದರೆ ನೀರು ಕಡಿಮೆಯಾಗಲು ಮಾಸಿನ ತೊಂದರೆಯಂಥ ಬೇರೆ ಕಾರಣಗಳೂ ಇವೆ. ನೀರು ಸಾಕಷ್ಟಿದ್ದರೂ ಚೀಲ ಸೀಳಿರಬಹುದು.

ನನಗೆ 35 ವಾರ. ನಿನ್ನೆ ಸಂಜೆಯಿಂದ ಒದ್ದೆ, ನೋವಿಲ್ಲ. ಒಂದು ಉದಾಹರಣೆಯಿಂದ ವಿವರಿಸುವಿರಾ?

ಇಂಥದೇ ಸ್ಥಿತಿಯಲ್ಲಿರುವ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. 35 ವಾರ 2 ದಿನ, ಮೊದಲ ಬಸಿರು. ಸಂಜೆ ಏಳಕ್ಕೆ ಒಳಉಡುಪು ಒದ್ದೆಯಾದದ್ದನ್ನು ಮೂತ್ರವೆಂದುಕೊಂಡು ಬದಲಿಸಿದರು. ರಾತ್ರಿ ಮಲಗಿದ್ದಾಗ ಏನೂ ಇಲ್ಲ, ಬೆಳಿಗ್ಗೆ ಎದ್ದು ನಿಂತಾಗ ಅಂಗೈ ಅಗಲ ಒದ್ದೆಯಾಯಿತು. ಮೂತ್ರ ಮಾಡಿ ಬಂದು ಪ್ಯಾಡ್ ಇಟ್ಟುಕೊಂಡರೆ ಅದೂ ಬಣ್ಣವಿಲ್ಲದ ನೀರಿನಿಂದ ನೆನೆಯಿತು. ಇಲ್ಲಿ ಗಮನಿಸಬೇಕಾದ ಸುಳಿವುಗಳೆಂದರೆ, ಮಲಗಿ ಎದ್ದಾಗ ಹೆಚ್ಚು ಬಂದದ್ದು ಮತ್ತು ಮೂತ್ರಚೀಲ ಖಾಲಿಯಾದ ಮೇಲೂ ಬಂದದ್ದು.

ಆಸ್ಪತ್ರೆಯಲ್ಲಿ ಮೈ ಬಿಸಿ, ನಾಡಿ, ಮಗುವಿನ ಎದೆಬಡಿತ ಎಲ್ಲವೂ ಸರಿಯಾಗಿದ್ದವು. ಸ್ಪೆಕ್ಯುಲಮ್ ಇಟ್ಟಾಗ ಮೊದಲು ಏನೂ ಕಾಣಲಿಲ್ಲ, ಕೆಮ್ಮಿದಾಗ ಗರ್ಭಕೋಶದ ಬಾಯಿಂದ ತಿಳಿನೀರು ಇಳಿಯಿತು. ಚೀಲ ಒಡೆದದ್ದು ಅಲ್ಲಿಗೆ ಖಚಿತವಾಯಿತು, ಕಾಗದದ ಪರೀಕ್ಷೆ ಬೇಕಾಗಲಿಲ್ಲ. ಸ್ಕ್ಯಾನಿಂಗಿನಲ್ಲಿ ಆಳವಾದ ಗುಳಿ 3 ಸೆಂಟಿಮೀಟರ್ ಇತ್ತು. ಸ್ಕ್ಯಾನಿಂಗನ್ನು ಮಾತ್ರ ನೋಡಿದ್ದರೆ ಅವರನ್ನು ಮನೆಗೆ ಕಳುಹಿಸುವ ಸಾಧ್ಯತೆಯಿತ್ತು. ಮಗುವಿಗೆ ಸೋಂಕು ತರಬಲ್ಲ ಗುಂಪು ಬಿ ಸ್ಟ್ರೆಪ್ಟೋಕಾಕಸ್ ಇದೆಯೇ ಎಂದು ತಿಳಿಯಲು ಯೋನಿಯಿಂದ ಮಾದರಿ ತೆಗೆದರು, ಆಂಟಿಬಯೋಟಿಕ್ ಆರಂಭಿಸಿದರು.

ಇದೇ ತಾಯಿಯಲ್ಲಿ ಕೆಮ್ಮಿದರೂ ಏನೂ ಕಾಣದೆ, ಪ್ರೋಟೀನ್ ಪರೀಕ್ಷೆಯೂ ಇಲ್ಲವೆಂದಿದ್ದರೆ, ಮೂತ್ರ ಮತ್ತು ಯೋನಿಸ್ರಾವದಲ್ಲಿ ಸೋಂಕಿದೆಯೇ ಎಂದು ನೋಡಿ ಮನೆಗೆ ಕಳುಹಿಸಬಹುದಿತ್ತು. ಹಾಗಿದ್ದರೂ ಮತ್ತೆ ಒದ್ದೆಯಾದರೆ ಮತ್ತೆ ಬರಬೇಕೆಂಬ ಸೂಚನೆ ಅದರೊಡನೆ ಇರಲೇಬೇಕು.

## ಖಚಿತವಾದ ಮೇಲೆ

ದಿನ ತುಂಬಿದೆ, ನೀರು ಹೋಗಿದೆ, ನೋವು ಬಂದಿಲ್ಲ. ನೋವು ಬರುವವರೆಗೆ ಕಾಯಬಹುದೇ?

37 ವಾರ ದಾಟಿದ ಬಳಿಕ ನೀರು ಒಡೆದವರಲ್ಲಿ ಸುಮಾರು 60 ಶೇಕಡಾ ಮಂದಿಗೆ 24 ಗಂಟೆಗಳೊಳಗೆ ತಾನಾಗಿ ನೋವು ಶುರುವಾಗುತ್ತದೆ. ಮಗುವಿಗೆ ಗಂಭೀರ ಸೋಂಕು ತಗಲುವ ಸಾಧ್ಯತೆ ಚೀಲ ಒಡೆಯದವರಲ್ಲಿ ಸುಮಾರು 200ಕ್ಕೆ ಒಂದು ಇದ್ದರೆ, ಹೀಗೆ ಒಡೆದವರಲ್ಲಿ 100ಕ್ಕೆ ಒಂದರಷ್ಟು. ಕಾಯುವ ಗಂಟೆಗಳು ಹೆಚ್ಚಿದಂತೆ ಅಪಾಯವೂ ಏರುವುದರಿಂದ, ಒಂದು ದಿನದೊಳಗೆ ನೋವು ಬರದಿದ್ದರೆ ಔಷಧಿ ಕೊಟ್ಟು ನೋವು ಬರಿಸುವುದು ರೂಢಿ. ತಕ್ಷಣವೇ ನೋವು ಬರಿಸಿಕೊಳ್ಳುವುದೂ ಒಪ್ಪಿತ ಆಯ್ಕೆಯೇ. ಗುಂಪು ಬಿ ಸ್ಟ್ರೆಪ್ಟೋಕಾಕಸ್ ಇರುವುದು ಗೊತ್ತಿದ್ದರೆ ಅಥವಾ ನೀರು ಹಸಿರಾಗಿದ್ದರೆ ಕಾಯಿಸುವುದಿಲ್ಲ. ಕಾಯುವವರು ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗೊಮ್ಮೆ ಮೈ ಬಿಸಿ ಅಳೆದುಕೊಳ್ಳಬೇಕು, ನೀರಿನ ಬಣ್ಣ, ವಾಸನೆ ಮತ್ತು ಮಗುವಿನ ಅಲುಗಾಟವನ್ನು ಗಮನಿಸುತ್ತಿರಬೇಕು.

ದಿನ ತುಂಬುವ ಮೊದಲೇ ನೀರು ಹೋದರೆ ಕೂಡಲೇ ಹೆರಿಗೆ ಮಾಡಿಸುವುದಿಲ್ಲವೇಕೆ?

ಸೋಂಕಿನ ಅಪಾಯ ಒಂದು ಕಡೆಗಾದರೆ, ಬಲಿಯದ ಶ್ವಾಸಕೋಶದೊಂದಿಗೆ ಮಗು ಹುಟ್ಟುವ ಅಪಾಯ ಇನ್ನೊಂದು ಕಡೆ. 34 ವಾರಗಳಿಗಿಂತ ಮೊದಲು ಎರಡನೆಯದೇ ಹೆಚ್ಚು ತೂಗುತ್ತದೆ. ಆದ್ದರಿಂದ ತಾಯಿಯನ್ನು ನಿಗಾದಲ್ಲಿಟ್ಟು, ಶ್ವಾಸಕೋಶ ಬಲಿಯಲು ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟು, ಆಂಟಿಬಯೋಟಿಕ್ ಕೊಡುತ್ತಾರೆ. ಬಹಳ ಕಡೆ ಇದಕ್ಕೆ ಎರಿಥ್ರೋಮೈಸಿನ್ ಅನ್ನು ಹತ್ತು ದಿನ ಅಥವಾ ಹೆರಿಗೆ ನೋವು ನೆಲೆಗೊಳ್ಳುವವರೆಗೆ ಕೊಡುತ್ತಾರೆ. ಅಮಾಕ್ಸಿಸಿಲಿನ್ ಜತೆ ಕ್ಲಾವುಲನೇಟ್ ಸೇರಿದ ಮಾತ್ರೆಯನ್ನು ಈ ಸಂದರ್ಭದಲ್ಲಿ ಕೊಡುವುದಿಲ್ಲ, ಏಕೆಂದರೆ ಅದರಿಂದ ಹುಟ್ಟಿದ ಮಗುವಿನ ಕರುಳಿಗೆ ಗಂಭೀರ ತೊಂದರೆ ಹೆಚ್ಚುವುದು ಕಂಡುಬಂದಿದೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕನ್ನು ತಾವೇ ನುಂಗಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

34ರಿಂದ 37 ವಾರಗಳ ನಡುವೆ ನಿರ್ಧಾರ ಸೂಕ್ಷ್ಮವಾದುದು. ತಾಯಿ ಮತ್ತು ಮಗು ಚೆನ್ನಾಗಿದ್ದರೆ 37ರವರೆಗೆ ನಿಗಾ ಇಟ್ಟು ಕಾಯುವ ಪದ್ಧತಿಯೂ ಇದೆ, ಮೊದಲೇ ಹೆರಿಗೆ ಮಾಡಿಸುವ ಪದ್ಧತಿಯೂ ಇದೆ. ಗುಂಪು ಬಿ ಸ್ಟ್ರೆಪ್ಟೋಕಾಕಸ್ ಕಂಡುಬಂದರೆ ಬೇಗ ಹೆರಿಗೆಯ ಕಡೆಗೆ ವಾಲುತ್ತಾರೆ. ಮೇಲಿನ ಉದಾಹರಣೆಯ ತಾಯಿಗೆ ಅದು ಇಲ್ಲವೆಂದು ವರದಿ ಬಂದರೆ ಕಾಯಲು ಅವಕಾಶವಿದೆ. ಆದರೆ ಜ್ವರ ಬಂದರೆ, ನಾಡಿ ವೇಗವಾದರೆ, ಗರ್ಭಕೋಶ ಮುಟ್ಟಿದರೆ ನೋವಾದರೆ, ನೀರು ವಾಸನೆ ಬಂದರೆ ಅಥವಾ ಮಗುವಿನ ಎದೆಬಡಿತ ಒಂದೇ ಸಮನೆ ಏರಿದರೆ, ವಾರ ಎಷ್ಟೇ ಆಗಿರಲಿ ಕಾಯುವುದನ್ನು ಬಿಟ್ಟು ಹೆರಿಗೆ ಮಾಡಿಸುತ್ತಾರೆ.